ಗೂಗಲ್‌ನಲ್ಲಿ ಸುಳ್ಳು ರಿವ್ಯೂ: ರಿಪೋರ್ಟ್ ಮಾಡಿ ಸೋತಾಯ್ತು, ಅಪೀಲು ಒಂದೇ ಬಾಕಿ. ಎಂತ ಬರೆಯುವುದು?

ತದಡಿ ತೀರ
ಗೋಕರ್ಣದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ, ನಾಲ್ಕೇ ರೂಮು. ಮಳೆಗಾಲಕ್ಕೆ ಮುಚ್ಚುತ್ತೇವೆ. ಈ ಸಲ ಜೂನ್ 10ಕ್ಕೆ ಮುಚ್ಚಿದ್ದು, ತೆರೆಯುವುದು ಸೆಪ್ಟೆಂಬರ್ 1ಕ್ಕೆ. ಆಗಸ್ಟ್ 3ರಂದು ಗೂಗಲ್‌ನಲ್ಲಿ ಒಂದು ಸ್ಟಾರಿನ ರಿವ್ಯೂ ಬಂತು. ಅದರಲ್ಲಿ ಬರೆದದ್ದು ಹೀಗೆ:

"ಜುಲೈ ಕೊನೆಯ ವಾರ ಫ್ಯಾಮಿಲಿ ಜೊತೆ ಇದ್ದೆವು. ಈಜುಕೊಳದಲ್ಲಿ ಪಾಚಿ. 204ನೇ ರೂಮಿನಲ್ಲಿ ಜಿರಳೆ. ಒಂದು ದಿನ ಮೊದಲೇ ಹೊರಟಿದ್ದಕ್ಕೆ ಅಡ್ವಾನ್ಸ್ 3,000 ವಾಪಸ್ ಕೊಡಲಿಲ್ಲ. ಮಾಲೀಕರು ಕಳ್ಳರು."

ನಮ್ಮಲ್ಲಿ ಈಜುಕೊಳವೇ ಇಲ್ಲ. ಮೇಲಂತಸ್ತೂ ಇಲ್ಲ, 204 ಎಲ್ಲಿಂದ ಬಂತು? ಮರುದಿನವೇ `Report review` ಒತ್ತಿ `Spam` ಅಂತ ಹಾಕಿದೆ. ಮನೆಯವರು, ನೆಂಟರು ಸೇರಿ ಒಂಬತ್ತು ಜನ ಹಾಗೇ ಒತ್ತಿದರು. ಐದು ದಿನ ಬಿಟ್ಟು ನೋಡಿದರೆ `Report reviewed - no policy violation`. ಕೆಳಗೆ ಅಪೀಲು ಅಂತ ಇದೆ. ಅದನ್ನು ಒಂದೇ ಸಲ ಮಾಡಬಹುದಂತೆ. ಯಾವ ದಾಖಲೆ ಕೊಡಬೇಕು? ಅತಿಥಿಗಳ ರಿಜಿಸ್ಟರ್, ಜುಲೈ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹೆಸ್ಕಾಂ ಬಿಲ್ಲು ಎಲ್ಲ ಇದೆ.

ಅಪ್ಪೆಮಿಡಿ
ಈಜುಕೊಳ ಇಲ್ಲದೇ ಪಾಚಿ ಮಾತ್ರ ಇದೆ. ಜುಲೈನಲ್ಲಿ ನಮ್ಮ ಅಂಗಳವೇ ಈಜುಕೊಳ, ಅವನು ಹೇಳಿದ್ದು ಅದೇ ಇರಬೇಕು.

ಕಾರವಾರ ಕಡಲು
ಕಳ್ಳ ಅಂತ ಬರೆದಿದ್ದಾನಲ್ಲ, ಅದು ಮಾನಹಾನಿ. ಸೀದಾ ಸ್ಟೇಷನ್‌ಗೆ ಹೋಗಿ ಎಫ್‌ಐಆರ್ ಮಾಡಿಸಿ, ಅದರ ಕಾಪಿ ಗೂಗಲ್‌ಗೆ ಕಳಿಸಿ. ಎರಡು ದಿನದಲ್ಲಿ ತೆಗೀತಾರೆ. ಈಗಂತೂ ರಿವ್ಯೂ ಹಾಕುವವರು ನಿಜವಾದ ಗ್ರಾಹಕರೇ ಹೌದೋ ಅಂತ ಪರಿಶೀಲಿಸಲೇಬೇಕು ಅಂತ ಸರ್ಕಾರದ ಕಾನೂನೂ ಇದೆ.

ಹೊನ್ನಾವರ ಸೇತುವೆ
ಅಕ್ಕ, ಮೊದಲು ಅಪೀಲಿನ ಗುಂಡಿಯಿಂದ ಕೈ ತೆಗೆಯಿರಿ. ಎಲ್ಲ ಸರಿಯಾಗಿ ಜೋಡಿಸಿಕೊಂಡ ಮೇಲೆ ಒತ್ತಿದರಾಯಿತು. ಒಂದು ರಿವ್ಯೂಗೆ ಅಪೀಲು ಒಂದೇ.

ರಿಪೋರ್ಟ್ ಯಾಕೆ ಬಿದ್ದುಹೋಯಿತು ಅಂತ ನೋಡಿ. ಗೂಗಲ್‌ಗೆ `Spam` ಅಂದರೆ ಬಾಟ್, ನಕಲಿ ಖಾತೆ ಅಥವಾ ಜಾಹೀರಾತು. ಒಮ್ಮೆ ಆ ಖಾತೆ ತೆರೆದು ನೋಡಿ. ಹಳೆಯದಾಗಿದ್ದು, ಬೇರೆ ಬೇರೆ ಜಾಗಕ್ಕೆ ಸಾಮಾನ್ಯ ಮನುಷ್ಯರು ಬರೆಯುವ ಹಾಗೆ ನಾಲ್ಕು ಸಾಲು ಬರೆದಿದ್ದರೆ ಅದು ನಕಲಿಯಂತೆ ಕಾಣುವುದೇ ಇಲ್ಲ. ನೀವು ಕೊಟ್ಟ ಕಾರಣ ಒಂದು, ಅಲ್ಲಿ ಕಾಣುವುದು ಇನ್ನೊಂದು. ಮೊದಲ ರಿಪೋರ್ಟಿನಲ್ಲಿ ವಿವರಣೆ ಬರೆಯಲು ಜಾಗವೂ ಇರುವುದಿಲ್ಲ, ಕಾರಣ ಆರಿಸುವುದು ಮಾತ್ರ. ಹಾಗಾಗಿ ಆರಿಸಿದ ಕಾರಣವೇ ನಿಮ್ಮ ಪೂರ್ತಿ ವಾದ. ಒಂಬತ್ತು ಜನ ಅದೇ ಕಾರಣ ಒತ್ತಿದರೆ ವಾದ ಒಂಬತ್ತು ಪಟ್ಟು ಗಟ್ಟಿಯಾಗುವುದಿಲ್ಲ.

ಇಲ್ಲಿ ಹೊಂದುವ ಕಾರಣ `Off topic`. ಈ ವ್ಯಾಪಾರದಲ್ಲಿ ಆದ ಅನುಭವದ ಬಗ್ಗೆ ಅಲ್ಲ ಅನ್ನುವುದು ಅದರ ಅರ್ಥ. ಅದರ ಜೊತೆಗೆ, ನಿಜವಾದ ಅನುಭವ ಇಲ್ಲದೇ ಬರೆದದ್ದನ್ನು ಅವರ ನೀತಿ ನಕಲಿ ಎಂದೇ ಎಣಿಸುತ್ತದೆ. ಅಪೀಲಿನಲ್ಲಿ ಈ ಎರಡನ್ನೇ ಹಿಡಿಯಿರಿ.

ತದಡಿ ತೀರ
ಖಾತೆ ನೋಡಿದೆ. ಒಟ್ಟು ಮೂರು ರಿವ್ಯೂ. ನಮ್ಮದು ಬಿಟ್ಟರೆ ಹುಬ್ಬಳ್ಳಿಯ ಒಂದು ಪೆಟ್ರೋಲ್ ಬಂಕು, ಒಂದು ಮೊಬೈಲ್ ಅಂಗಡಿ. ಎರಡಕ್ಕೂ ಐದು ಸ್ಟಾರು, ಎರಡು ವರ್ಷ ಹಿಂದಿನದು. ನೀವು ಹೇಳಿದ ಹಾಗೇ, ನಕಲಿಯಂತೆ ಕಾಣುವುದಿಲ್ಲ. ಆದರೂ ಅವನು ಹೇಳಿದ್ದು ಸುಳ್ಳು ಅನ್ನುವುದಕ್ಕೆ ನನ್ನ ಹತ್ತಿರ ರಿಜಿಸ್ಟರ್ ಇದೆಯಲ್ಲ?

ಹೊನ್ನಾವರ ಸೇತುವೆ
ಎಲ್ಲರೂ ಎಡವುವುದು ಅಲ್ಲೇ. ಮಾಲೀಕರು ಮತ್ತು ಗಿರಾಕಿ ನಡುವೆ ಯಾರು ಹೇಳಿದ್ದು ನಿಜ ಅನ್ನುವ ಪಂಚಾಯ್ತಿಗೆ ತಾವು ಬರುವುದಿಲ್ಲ ಅಂತ ಗೂಗಲ್ ಬರೆದೇ ಇಟ್ಟಿದೆ. "3,000 ಕೊಟ್ಟೆ" ಅನ್ನುತ್ತಾನೆ, "ಕೊಟ್ಟಿಲ್ಲ" ಅನ್ನುತ್ತೀರಿ. ಅದು ಜಗಳ. ಜಗಳ ಅಂತ ಕಂಡ ಕೂಡಲೇ ರಿವ್ಯೂ ಉಳಿಯುತ್ತದೆ.

ಹಾಗಾಗಿ ಅಪೀಲಿನಲ್ಲಿ ಅಡ್ವಾನ್ಸಿನ ವಿಷಯ ಎತ್ತಲೇಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟೂ ಬೇಡ. ಹಣ ಬಂದಿಲ್ಲ ಅಂತ ಅದರಿಂದ ತೋರಿಸಲಾಗುವುದಿಲ್ಲ, ನಗದು ಕೊಟ್ಟೆ ಅಂದರೆ ಮುಗಿಯಿತು. ಜಿರಳೆ, ಕಳ್ಳ ಎರಡನ್ನೂ ಬಿಡಿ. ಉಳಿಯುವುದು ಮೂರು: ಈಜುಕೊಳ, 204, ಜುಲೈ. ಈ ಮೂರಕ್ಕೂ ಜಗಳ ಬೇಕಿಲ್ಲ. ನಿಮ್ಮ ಜಾಗದ ರಚನೆಯೇ ಅದಕ್ಕೆ ಹೊಂದುವುದಿಲ್ಲ. "ಇವನು ಸುಳ್ಳುಗಾರ" ಅನ್ನಬೇಡಿ, "ಇದು ನಮ್ಮ ಜಾಗದ ವರ್ಣನೆಯೇ ಅಲ್ಲ" ಅನ್ನಿ.

ರಿಜಿಸ್ಟರಿನ ಫೋಟೋ ಎಲ್ಲೂ ಹಾಕಬೇಡಿ. ಅದರಲ್ಲಿ ಬೇರೆ ಅತಿಥಿಗಳ ಹೆಸರು, ಫೋನು, ಆಧಾರ್ ನಂಬರು ಇರುತ್ತದೆ. ಹೋಗಲಿ ಅಂದರೂ ಜುಲೈ ಪುಟ ಖಾಲಿ. ನೀವೇ ಇಡುವ ಪುಸ್ತಕದಲ್ಲಿ ಖಾಲಿ ಪುಟ ಏನನ್ನು ಸಾಬೀತು ಮಾಡೀತು?

ಶಿರಸಿ ಪೇಟೆ
ನಂದೂ ಇಂಥದೇ ಒಂದು. ಜಾತ್ರೆ ಟೈಮಲ್ಲಿ ಒಬ್ಬ ನಮ್ಮ ಹೋಟ್ಲಿಗೆ "ಊಟಕ್ಕೆ ಸಿಕ್ಕಾಪಟ್ಟೆ ರೇಟು, ಅರ್ಧ ತಾಸು ಕಾಯಿಸಿದ್ರು" ಅಂತ ಹಾಕಿದ. ಮಾರಿಕಾಂಬಾ ಜಾತ್ರೆಲಿ ಕಾಯದೇ ಊಟ ಎಲ್ಲಿ ಸಿಕ್ತು ಮಾರಾಯ್ರೆ? ಇದನ್ನೂ ತೆಗೆಸಬಹುದಾ?

ಹೊನ್ನಾವರ ಸೇತುವೆ
ಇಲ್ಲ. ಅವನು ಬಂದ, ಕೂತ, ಉಂಡ, ಸಿಟ್ಟಾದ. ಅನುಭವ ನಿಜ, ಅಭಿಪ್ರಾಯ ಅವನದು. ಜಾತ್ರೆ ದಿನಗಳಲ್ಲಿ ಹೀಗೆ ಆಗುತ್ತದೆ ಅಂತ ಉತ್ತರದಲ್ಲಿ ಬರೆದು ಬಿಡಿ.

ಶಿರಸಿ ಪೇಟೆ
ಊಟದ ದುಡ್ಡು ವಾಪಸ್ ಕೊಡ್ತೆ, ರಿವ್ಯೂ ತೆಗಿ ಅಂತ ಫೋನ್ ಮಾಡಿದ್ರೆ?

ಹೊನ್ನಾವರ ಸೇತುವೆ
ತೆಗೆಯಲು ಅಥವಾ ಬದಲಿಸಲು ದುಡ್ಡು, ರಿಯಾಯಿತಿ ಕೊಡುವುದು ನೀತಿಗೆ ವಿರುದ್ಧ. ಅವನು ಆ ಮೆಸೇಜನ್ನೇ ಫೋಟೋ ತೆಗೆದು ರಿವ್ಯೂ ಕೆಳಗೆ ಹಾಕಿದರೆ ಒಂದು ಸ್ಟಾರಿಗಿಂತ ಅದು ಕೆಟ್ಟದ್ದು.

ಮುರ್ಡೇಶ್ವರ ಮಳೆ
ನಾನೂ ಒಂದು ರಿವ್ಯೂ ತೆಗೀಬೇಕು. ತಪ್ಪು ಹೋಟೆಲ್ಲಿಗೆ ಹಾಕಿಬಿಟ್ಟಿದ್ದೇನೆ. ಅಪೀಲು ಮಾಡಬೇಕಾ?

ಅಪ್ಪೆಮಿಡಿ
ನೀವೇ ಹಾಕಿದ್ದಕ್ಕೆ ಅಪೀಲು ಯಾಕೆ ಮಾರಾಯ್ರೆ! ಮ್ಯಾಪ್ಸ್‌ನಲ್ಲಿ `Your contributions`, ಅಲ್ಲಿ `Reviews`, ಮೂರು ಚುಕ್ಕಿ, `Delete review`. ಅಕ್ಕನ ಗಿರಾಕಿ ನೀವೇ ಅಲ್ಲ ತಾನೆ?

ಮುರ್ಡೇಶ್ವರ ಮಳೆ
ನಾನು ಹಾಕಿದ್ದು ಐದು ಸ್ಟಾರು.

ದಾಂಡೇಲಿ ಕಾಗದ
ಆ ನಗೆಯಲ್ಲೂ ಒಂದು ವಿಷಯ ಇದೆ. 204ನೇ ರೂಮು, ಈಜುಕೊಳ, ಅಡ್ವಾನ್ಸ್ ಮೂರು ಸಾವಿರ. ಇದು ಯಾವುದೋ ಎರಡಂತಸ್ತಿನ ರೆಸಾರ್ಟಿನ ವರ್ಣನೆ. ಗೋಕರ್ಣದ ಸುತ್ತ "ಬೀಚ್", "ಸೀ ವ್ಯೂ", "ಕಡಲ" ಅಂತ ಶುರುವಾಗುವ ಹೆಸರು ಎಷ್ಟಿಲ್ಲ? ಅವನು ಸುಳ್ಳು ಹೇಳದೇ ಬರೀ ಜಾಗ ತಪ್ಪಿರಬಹುದು. ಹಾಗಿದ್ದರೆ ತೆಗೆಸುವ ಅತ್ಯಂತ ಸುಲಭದ ದಾರಿ ಅವನೇ. ರಿವ್ಯೂಗೆ ಉತ್ತರ ಹಾಕಿದರೆ ಅವನಿಗೆ ಸೂಚನೆ ಹೋಗುತ್ತದೆ.

ಕಾರವಾರ ಕಡಲು ಅವರೇ, ನಿಮ್ಮ ಎರಡೂ ಮಾತು ಅರ್ಧ ಸರಿ. ಮಾನಹಾನಿ ಅಪರಾಧ ಹೌದು, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಆದರೆ ಅದು ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವ ಅಪರಾಧ ಅಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು. ಇನ್ನು ನೀವು ಕಾನೂನು ಅಂದದ್ದು ಭಾರತೀಯ ಮಾನಕ ಬ್ಯೂರೋದ ಐಎಸ್ 19000, 2022ರದ್ದು. ಅದು ಮಾನದಂಡ, ಪಾಲಿಸುವುದು ಅವರವರ ಇಚ್ಛೆ.

ಕಾರವಾರ ಕಡಲು
ಇಚ್ಛೆಗೆ ಬಿಟ್ಟ ಮೇಲೆ ಅದು ಇದ್ದೇನು ಬಿಟ್ಟೇನು. ಸ್ಟೇಷನ್ನಿನಲ್ಲಿ ಅರ್ಜಿಯನ್ನಾದರೂ ತಗೊಳ್ಳುತ್ತಾರಲ್ಲ, ಅದರ ಸ್ವೀಕೃತಿ ಸಾಕಾಗುವುದಿಲ್ಲವಾ?

ದಾಂಡೇಲಿ ಕಾಗದ
ಅರ್ಜಿ ಕೊಟ್ಟಿದ್ದಕ್ಕೆ ಮುದ್ರೆ ಹಾಕಿ ಕೊಡುತ್ತಾರೆ. ಅದರಲ್ಲಿ ಇರುವುದು ನೀವು ಬರೆದದ್ದೇ. ಓದುವವನಿಗೆ ಹೊಸದೇನೂ ತಿಳಿಯುವುದಿಲ್ಲ.

ಹೊನ್ನಾವರ ಸೇತುವೆ
ಉತ್ತರ ಹಾಕುವ ವಿಷಯದಲ್ಲಿ ದಾಂಡೇಲಿಯವರ ಜೊತೆ ನನಗೆ ಸ್ವಲ್ಪ ತಕರಾರಿದೆ. ಉತ್ತರ ಬೇಕು, ಆದರೆ ಅಪೀಲು ಆದಮೇಲೆ. ಈಗ "ನಮ್ಮಲ್ಲಿ ಈಜುಕೊಳ ಇಲ್ಲ, 204 ಇಲ್ಲ" ಅಂತ ಬರೆದರೆ ಯಾವ ಸಾಲು ತಪ್ಪಾಗಿದೆ ಅಂತ ನೀವೇ ಅವನಿಗೆ ಹೇಳಿಕೊಟ್ಟ ಹಾಗಾಯಿತು. ರಿವ್ಯೂವನ್ನು ಅವನು ಯಾವಾಗ ಬೇಕಾದರೂ ತಿದ್ದಬಹುದು.

ತದಡಿ ತೀರ
ಅಯ್ಯೋ. ನಿನ್ನೆ ರಾತ್ರಿಯೇ ಉತ್ತರ ಹಾಕಿದೆ. "ನಮ್ಮಲ್ಲಿ ಈಜುಕೊಳವೂ ಇಲ್ಲ, 204ನೇ ರೂಮೂ ಇಲ್ಲ, ದಯವಿಟ್ಟು ಸರಿಯಾದ ಜಾಗಕ್ಕೆ ಬರೆಯಿರಿ" ಅಂತ. ಈಗ ಹೋಗಿ ನೋಡಿದೆ. ರಿವ್ಯೂ ಬದಲಾಗಿದೆ! ಈಜುಕೊಳ, 204 ಎರಡೂ ಮಾಯ. ಈಗ ಇರುವುದು ಇಷ್ಟೇ: "ಜುಲೈನಲ್ಲಿ ಇದ್ದೆವು. ರೂಮಿನಲ್ಲಿ ಜಿರಳೆ. ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಮಾಲೀಕರು ಕಳ್ಳರು." ದಿನಾಂಕದ ಹತ್ತಿರ `Edited` ಅಂತ ಬಂದಿದೆ.

ಅಪ್ಪೆಮಿಡಿ
ಈಜುಕೊಳವನ್ನೇ ಬತ್ತಿಸಿಬಿಟ್ಟ.

ದಾಂಡೇಲಿ ಕಾಗದ
ಹಾಗಾದರೆ ನಾನು ಅವನ ಮೇಲೆ ಇಟ್ಟ ಒಳ್ಳೆಯ ಅಭಿಪ್ರಾಯ ವಾಪಸ್ ತಗೊಳ್ಳುತ್ತೇನೆ. ಜಾಗ ತಪ್ಪಿದವನು ಅಳಿಸುತ್ತಾನೆ, ಹೀಗೆ ತಿದ್ದುವುದಿಲ್ಲ. ಹಳೆಯ ಪಠ್ಯದ ಸ್ಕ್ರೀನ್‌ಶಾಟ್ ಇದೆಯೋ?

ತದಡಿ ತೀರ
ಫೋನಿನಲ್ಲಿ ಒಂದಿದೆ. ಅರ್ಧ ಮಾತ್ರ, ಈಜುಕೊಳದ ಸಾಲಿನವರೆಗೆ. ಕೆಳಗಿನದಕ್ಕೆ `More` ಒತ್ತಿರಲಿಲ್ಲ.

ಹೊನ್ನಾವರ ಸೇತುವೆ
ಹೊಸ ರಿವ್ಯೂ ಬಂದಾಗ ಗೂಗಲ್‌ನಿಂದ ಇಮೇಲ್ ಬರುತ್ತದಲ್ಲ, ಪ್ರೊಫೈಲ್ ನಡೆಸುವ ಖಾತೆಗೆ. ಅದನ್ನು ಹುಡುಕಿ. ಅದರಲ್ಲಿ ರಿವ್ಯೂ ಬಂದ ಕ್ಷಣದ ಮಾತುಗಳಿರುತ್ತವೆ. ಆಮೇಲೆ ಅವನು ಎಷ್ಟು ತಿದ್ದಿದರೂ ನಿಮ್ಮ ಇನ್‌ಬಾಕ್ಸಿನಲ್ಲಿ ಇರುವುದು ಬದಲಾಗುವುದಿಲ್ಲ. ಸ್ಕ್ರೀನ್‌ಶಾಟಿಗಿಂತ ಅದು ಮೇಲು, ಯಾಕೆಂದರೆ ಕಳಿಸಿದ್ದು ಗೂಗಲ್, ದಿನಾಂಕ ಅದರಲ್ಲೇ ಇದೆ.

ತದಡಿ ತೀರ
ಸಿಕ್ಕಿತು! ಆಗಸ್ಟ್ 3, ರಾತ್ರಿ 9.12. ಈಜುಕೊಳ, 204 ಎರಡೂ ಇದೆ. ಡಿಲೀಟ್ ಮಾಡಿರಲಿಲ್ಲ, ಪುಣ್ಯ.

ಹೊನ್ನಾವರ ಸೇತುವೆ
ಒಳ್ಳೇದಾಯಿತು. ಆ ಇಮೇಲ್ ಯಾರಿಗೂ ಫಾರ್ವರ್ಡ್ ಮಾಡಿ ಅಳಿಸಿಬಿಡಬೇಡಿ, ಮೂಲ ಅಲ್ಲೇ ಇರಲಿ. ಈಗ ಇನ್ನು ಮೂರು ಕೆಲಸ.

ಮೊದಲನೆಯದು, ಈಗಿನ ರಿವ್ಯೂದ ಪೂರ್ತಿ ಸ್ಕ್ರೀನ್‌ಶಾಟ್. ಸಾಧ್ಯವಿದ್ದರೆ ಕಂಪ್ಯೂಟರಿನಲ್ಲೇ ತೆಗೆಯಿರಿ, ಮೇಲೆ ವಿಳಾಸದ ಪಟ್ಟಿ ಮತ್ತು ಕೆಳಗೆ ಕಂಪ್ಯೂಟರಿನ ದಿನಾಂಕ ಕಾಣಬೇಕು. ಗೂಗಲ್ "2 ವಾರದ ಹಿಂದೆ" ಅಂತ ಮಾತ್ರ ತೋರಿಸುತ್ತದೆ, ನೀವು ಯಾವತ್ತು ನೋಡಿದ್ದು ಅನ್ನುವುದು ಗೊತ್ತಿಲ್ಲದಿದ್ದರೆ ಎರಡು ವಾರಕ್ಕೆ ಅರ್ಥವಿಲ್ಲ. `Edited` ಅನ್ನುವ ಪದವೂ ಅದರಲ್ಲಿ ಬರಲಿ. ರಿವ್ಯೂದ ಹತ್ತಿರ ಹಂಚುವ ಗುಂಡಿ ಒತ್ತಿ ಅದರದ್ದೇ ಲಿಂಕ್ ತೆಗೆದಿಟ್ಟುಕೊಳ್ಳಿ. ಹೋಂಸ್ಟೇಯ ಲಿಂಕ್ ಬೇರೆ, ರಿವ್ಯೂದ ಲಿಂಕ್ ಬೇರೆ.

ಎರಡನೆಯದು, ಮುಚ್ಚಿದ್ದಕ್ಕೆ ಆಧಾರ. ನಿಮ್ಮ ಪ್ರೊಫೈಲಿನಲ್ಲಿ `Temporarily closed` ಹಾಕಿದ್ದಿರಾ?

ತದಡಿ ತೀರ
ಹೌದು, ಜೂನ್ 10ಕ್ಕೇ ಹಾಕಿದ್ದೆ. ಈಗಲೂ ಹಾಗೇ ಇದೆ. ಬುಕಿಂಗ್ ಸೈಟಿನಲ್ಲೂ ಕ್ಯಾಲೆಂಡರ್ ಬ್ಲಾಕ್ ಮಾಡಿದ್ದೇನೆ.

ಹೊನ್ನಾವರ ಸೇತುವೆ
ನಿಮ್ಮ ಹತ್ತಿರ ಇರುವುದರಲ್ಲಿ ಗಟ್ಟಿ ಅದೇ. ಅವರ ಜಾಗದಲ್ಲೇ ಇರುವ ದಾಖಲೆ, ಅವರೇ ನೋಡಿಕೊಳ್ಳಬಹುದು. ಕ್ಯಾಲೆಂಡರಿನ ಸ್ಕ್ರೀನ್‌ಶಾಟ್ ಅದಕ್ಕೆ ಜೊತೆ. ಹೆಸ್ಕಾಂ ಬಿಲ್ಲು ಮೂರನೆಯದು. ಜುಲೈ ಯುನಿಟ್ಟು ಎಷ್ಟು?

ತದಡಿ ತೀರ
11. ಏಪ್ರಿಲ್‌ನಲ್ಲಿ 412 ಇತ್ತು.

ಹೊನ್ನಾವರ ಸೇತುವೆ
ಚೆನ್ನಾಗಿದೆ. ಎರಡೂ ಬಿಲ್ಲು ಒಟ್ಟಿಗೆ ಇಡಿ, ಒಂದೇ ಆದರೆ 11 ಅನ್ನುವುದು ಕಡಿಮೆಯೋ ಹೆಚ್ಚೋ ಯಾರಿಗೆ ಗೊತ್ತು. ಆರ್‌ಆರ್ ನಂಬರ್ ಬಿಟ್ಟು ಉಳಿದ ಸ್ವಂತ ವಿವರ ಮುಚ್ಚಿ.

ಮೂರನೆಯದು, ಜಾಗದ ಫೋಟೋ. ಮನೆಯ ಮುಂದಿನಿಂದ ಒಂದು, ಹಿತ್ತಲಿನಿಂದ ಒಂದು. ಒಂದೇ ಅಂತಸ್ತು, ಈಜುಕೊಳ ಇಲ್ಲ ಅಂತ ನೋಡಿದ ಕೂಡಲೇ ತಿಳಿಯಬೇಕು. ಇವನ್ನು ಪ್ರೊಫೈಲಿಗೂ ಹಾಕಿ, ಸೌಲಭ್ಯಗಳ ಪಟ್ಟಿಯಲ್ಲಿ ಈಜುಕೊಳ ಇಲ್ಲ ಅಂತ ಗುರುತು ಮಾಡಿ.

ಶಿರಸಿ ಪೇಟೆ
ಮುಚ್ಚಿದ್ದು ಅಂತ ಹಾಕಿದ್ದು ಮಾತ್ರಕ್ಕೆ ಆಯ್ತಾ? ಬೋರ್ಡ್ ಮುಚ್ಚಿದ್ದು ಅಂತ ಹಾಕಿ ಪರಿಚಯದವ್ರಿಗೆ ರೂಮು ಕೊಡೋರು ಬೇಕಾದಷ್ಟು ಜನ ಇದ್ದಾರೆ.

ಹೊನ್ನಾವರ ಸೇತುವೆ
ಅದು ಸರಿಯಾದ ಪ್ರಶ್ನೆ. ಒಂದೇ ಆಧಾರದ ಮೇಲೆ ನಿಂತರೆ ಬೀಳುತ್ತದೆ. ಅದಕ್ಕೇ ಹಳೆಯ ಪಠ್ಯ ಮುಖ್ಯ. ಮುಚ್ಚಿದ್ದು, ಇಲ್ಲದ ಈಜುಕೊಳ, ಇಲ್ಲದ ರೂಮು, ಉತ್ತರ ಬಂದ ಕೂಡಲೇ ಆ ಎರಡನ್ನೂ ತೆಗೆದದ್ದು. ನಾಲ್ಕೂ ಒಟ್ಟಿಗೆ ನಿಂತಾಗ ಓದುವವನಿಗೆ ಬೇರೆ ವಿವರಣೆ ಸಿಗುವುದು ಕಷ್ಟ.

ತದಡಿ ತೀರ
ಸರಿ, ಅಪೀಲಿಗೆ ಹೋಗುವುದು ಎಲ್ಲಿಂದ? ರಿವ್ಯೂದ ಹತ್ತಿರ ಏನೂ ಕಾಣುತ್ತಿಲ್ಲ.

ಹೊನ್ನಾವರ ಸೇತುವೆ
ಅಲ್ಲಿ ಇರುವುದಿಲ್ಲ. ಗೂಗಲ್‌ನ ವ್ಯಾಪಾರ ಸಹಾಯ ಪುಟದಲ್ಲಿ ರಿವ್ಯೂ ನಿರ್ವಹಣೆಯ ಉಪಕರಣ ಅಂತ ಬೇರೆ ಇದೆ. ಪ್ರೊಫೈಲ್ ನಡೆಸುವ ಖಾತೆಯಲ್ಲೇ ಲಾಗಿನ್ ಆಗಿ, ವ್ಯಾಪಾರ ಆರಿಸಿ, ಹಿಂದೆ ರಿಪೋರ್ಟ್ ಮಾಡಿದ ರಿವ್ಯೂದ ಸ್ಥಿತಿ ನೋಡುವ ಆಯ್ಕೆ ಹಿಡಿಯಿರಿ. ನಿಮಗೆ `no policy violation` ಕಂಡದ್ದು ಅಲ್ಲೇ ಇರಬೇಕು. ಆ ಪಟ್ಟಿಯ ಕೆಳಗೆ ಅಪೀಲು. ಒಂದೇ ಅಪೀಲಿನಲ್ಲಿ ಹತ್ತು ರಿವ್ಯೂವರೆಗೆ ಆರಿಸಬಹುದು, ನೀವು ಇದೊಂದನ್ನೇ ಆರಿಸಿ.

ಫೈಲ್ ಸೇರಿಸುವ ಗುಂಡಿ ಕಂಡರೆ ಸೇರಿಸಿ, ಕಾಣದಿದ್ದರೆ ಗಾಬರಿ ಬೇಡ. ಬರಹವೇ ತನ್ನ ಕಾಲ ಮೇಲೆ ನಿಲ್ಲಬೇಕು, ದಾಖಲೆ ಅದರ ಬೆನ್ನಿಗೆ. ಗೂಗಲ್‌ನಿಂದ ಇಮೇಲ್ ಬಂದರೆ ಅದಕ್ಕೇ ಉತ್ತರವಾಗಿ ಫೈಲುಗಳನ್ನು ಕಳಿಸಬಹುದು. ಬರಹ ಸುಮಾರು ಹೀಗಿರಲಿ, ಇಂಗ್ಲಿಷಿಗೆ ಮಾಡಿ ಹಾಕಿ:

"ಈ ರಿವ್ಯೂ ನಮ್ಮ ಹೋಂಸ್ಟೇಯಲ್ಲಿ ಆದ ಅನುಭವದ್ದಲ್ಲ. ಆಗಸ್ಟ್ 3ರಂದು ಪ್ರಕಟವಾದಾಗ ಇದರಲ್ಲಿ ಈಜುಕೊಳ ಮತ್ತು 204ನೇ ರೂಮಿನ ದೂರು ಇತ್ತು; ಆ ಪಠ್ಯ ನಿಮ್ಮ ಅಂದಿನ ಸೂಚನೆಯ ಇಮೇಲಿನಲ್ಲಿದೆ. ನಮ್ಮಲ್ಲಿ ಇರುವುದು ನೆಲ ಅಂತಸ್ತಿನ ನಾಲ್ಕು ರೂಮು, ಈಜುಕೊಳ ಇಲ್ಲ. ಇದನ್ನು ನಾವು ಉತ್ತರದಲ್ಲಿ ತಿಳಿಸಿದ ಮೇಲೆ ಆ ಎರಡು ವಿವರವನ್ನು ತೆಗೆದು ರಿವ್ಯೂ ತಿದ್ದಲಾಗಿದೆ. ಬರೆದವರು ತಂಗಿದ್ದೆ ಎನ್ನುವ ಜುಲೈ ತಿಂಗಳಲ್ಲಿ ನಾವು ಮುಚ್ಚಿದ್ದೆವು. ಇದೇ ಪ್ರೊಫೈಲ್ ಜೂನ್ 10ರಿಂದ ತಾತ್ಕಾಲಿಕವಾಗಿ ಮುಚ್ಚಿದೆ ಎಂದು ತೋರಿಸುತ್ತಿದೆ. ವಿಷಯಕ್ಕೆ ಸಂಬಂಧವಿಲ್ಲದ, ನಿಜವಾದ ಅನುಭವದ ಮೇಲೆ ಬರೆಯದ ರಿವ್ಯೂ ಎಂಬ ಕಾರಣಕ್ಕೆ ತೆಗೆಯಬೇಕೆಂದು ಕೋರುತ್ತೇವೆ."

ಇಷ್ಟೇ. ಎಷ್ಟು ಕಷ್ಟಪಟ್ಟು ಕಟ್ಟಿದ್ದು, ಎಷ್ಟು ನೋವಾಯಿತು, ಸೀಸನ್ ಹಾಳಾಗುತ್ತದೆ ಅನ್ನುವುದು ಒಂದು ಸಾಲೂ ಬೇಡ.

ಕಾರವಾರ ಕಡಲು
ಎದುರಾಳಿ ಹೋಂಸ್ಟೇಯವರೇ ಮಾಡಿಸಿದ್ದು ಅಂತ ಸೇರಿಸಿ. ಅದಕ್ಕೆ ಬೇರೆ ಕಾರಣವೇ ಇದೆ, `Conflict of interest`.

ಹೊನ್ನಾವರ ಸೇತುವೆ
ಆಧಾರ ಇದ್ದರೆ ಅದರಷ್ಟು ಒಳ್ಳೆಯ ಕಾರಣ ಇಲ್ಲ. ಬರೆದವನು ಬೇರೆ ಹೋಂಸ್ಟೇಯ ಕೆಲಸದವನು ಅಂತ ಅವರದೇ ಪುಟದಲ್ಲಿ ಕಂಡರೆ ಹಾಕಿ. ಅನುಮಾನಕ್ಕೆ ಬೇಡ. ಎರಡು ಬಲವಾದ ಮಾತಿನ ನಡುವೆ ಒಂದು ಊಹೆ ತೂರಿಸಿದರೆ ಓದುವವನು ಹಿಡಿಯುವುದು ಊಹೆಯನ್ನೇ.

ಕುಮಟಾ ಪೇಟೆ ಹುಡುಗಿ
ಇದೆಲ್ಲ ಯಾಕೆ, ರಿವ್ಯೂ ತೆಗೆಸಿಕೊಡುವವರು ಇದ್ದಾರಲ್ಲ. ವಾಟ್ಸಾಪಿನಲ್ಲಿ ಜಾಹೀರಾತು ಬರುತ್ತದೆ, ಐದು ಸಾವಿರಕ್ಕೆ ಗ್ಯಾರಂಟಿ ಅಂತ. ಇಲ್ಲದಿದ್ದರೆ ನೆಂಟರ ಹತ್ತಿರ ಇಪ್ಪತ್ತು ಐದು ಸ್ಟಾರು ಹಾಕಿಸಿದರೆ ಅದು ಕೆಳಗೆ ಹೋಗುತ್ತದೆ.

ದಾಂಡೇಲಿ ಕಾಗದ
ಆ ಐದು ಸಾವಿರದವರು ಒತ್ತುವುದೂ ಅದೇ `Report review`. ಜೊತೆಗೆ ಪ್ರೊಫೈಲಿನ ಮ್ಯಾನೇಜರ್ ಅನುಮತಿ ಕೇಳುತ್ತಾರೆ, ಕೊಟ್ಟ ಮೇಲೆ ನಿಮ್ಮ ಹೋಂಸ್ಟೇ ಅವರ ಕೈಯಲ್ಲಿ.

ನೆಂಟರ ಸ್ಟಾರಂತೂ ಬೇಡವೇ ಬೇಡ. ಮುಚ್ಚಿದ ಹೋಂಸ್ಟೇಗೆ ಆಗಸ್ಟಿನಲ್ಲಿ ಇಪ್ಪತ್ತು ಅತಿಥಿಗಳು ಎಲ್ಲಿಂದ ಬಂದರು? "ಮುಚ್ಚಿದ್ದೆವು" ಅನ್ನುವ ಅಕ್ಕನ ವಾದ ಅಲ್ಲಿಗೆ ಮುಗಿಯಿತು. ನಕಲಿ ರಿವ್ಯೂ ಸಿಕ್ಕಿದರೆ ಗೂಗಲ್ ಸ್ವಲ್ಪ ಕಾಲ ಹೊಸ ರಿವ್ಯೂ ಬರದ ಹಾಗೆ ಮಾಡಬಹುದು, ಇದ್ದದ್ದನ್ನು ಮರೆ ಮಾಡಬಹುದು, ಪ್ರೊಫೈಲಿನ ಮೇಲೆ ಎಚ್ಚರಿಕೆಯನ್ನೇ ತೂಗುಹಾಕಬಹುದು.

ಕುಮಟಾ ಪೇಟೆ ಹುಡುಗಿ
ಅದು ಹೊಳೆಯಲಿಲ್ಲ. ಬುಕಿಂಗ್ ಸೈಟಿನಲ್ಲಿ ಇಂಥದ್ದು ಬಂದರೂ ಇದೇ ಕ್ರಮವಾ?

ಹೊನ್ನಾವರ ಸೇತುವೆ
ಅಲ್ಲ. ಬುಕಿಂಗ್ ಡಾಟ್ ಕಾಮ್‌ನಂಥ ಕಡೆ ಅವರ ಮೂಲಕ ಬುಕ್ ಮಾಡಿದವರಿಗೆ ಮಾತ್ರ ಬರೆಯಲು ಬರುತ್ತದೆ. "ಇವನು ಬಂದೇ ಇಲ್ಲ" ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ, ಬುಕಿಂಗ್ ಅವರ ಕಣ್ಣ ಮುಂದೆಯೇ ಇದೆ. ಗೂಗಲ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು, ಅದಕ್ಕೇ ಇಷ್ಟು ಪಾಡು.

ತದಡಿ ತೀರ
ಅಪೀಲು ಕಳಿಸಿದೆ. ನೀವು ಬರೆದದ್ದರಲ್ಲಿ ಎರಡು ಪದ ಮಾತ್ರ ಬದಲಿಸಿದೆ. ಒಪ್ಪಲಿಲ್ಲ ಅಂದರೆ ಮುಂದೆ ದಾರಿ ಇದೆಯಾ, ಅಲ್ಲಿಗೆ ಮುಗಿಯಿತಾ?

ದಾಂಡೇಲಿ ಕಾಗದ
ದಾರಿ ಇದೆ, ಆದರೆ ಏರು.

ಗೂಗಲ್‌ನಲ್ಲಿ ನೀತಿಯ ರಿಪೋರ್ಟ್ ಬೇರೆ, ಕಾನೂನಿನ ಕೋರಿಕೆ ಬೇರೆ. ಎರಡನೆಯದಕ್ಕೆ ಬೇರೆಯೇ ಫಾರ್ಮ್. ಅದರಲ್ಲಿ ರಿವ್ಯೂದ ಲಿಂಕ್, ಮಾನಹಾನಿ ಆಗುವ ಸಾಲು ಇದ್ದ ಹಾಗೇ, ಅದು ಯಾಕೆ ಸುಳ್ಳು ಅನ್ನುವ ವಿವರಣೆ ಕೇಳುತ್ತಾರೆ. ಅಡ್ವಾನ್ಸ್, ಕಳ್ಳರು ಅನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟೂ ಇಲ್ಲಿಗೇ.

ಭಾರತದಲ್ಲಿ ಇಂಥ ದೊಡ್ಡ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು, 2021ರ ಐಟಿ ನಿಯಮ. ದೂರು ತಲುಪಿದ್ದಕ್ಕೆ 24 ಗಂಟೆಯಲ್ಲಿ ಸ್ವೀಕೃತಿ ಬರಬೇಕು. ಅವರ ನಿರ್ಧಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು, `gac.gov.in`ನಲ್ಲಿ. ವಕೀಲರು ಬೇಕಿಲ್ಲ, ಆನ್‌ಲೈನಿನಲ್ಲೇ ಆಗುತ್ತದೆ. ಆದರೆ ಒಂದು ತೊಡಕು ಇದೆ. ಹಾಕಬಾರದ ವಿಷಯಗಳ ಪಟ್ಟಿಯಿಂದ ಮಾನಹಾನಿ ಅನ್ನುವ ಪದವನ್ನು 2022ರ ತಿದ್ದುಪಡಿಯಲ್ಲಿ ತೆಗೆದಿದ್ದಾರೆ. ಹಾಗಾಗಿ "ಕೋರ್ಟ್ ಆದೇಶ ತನ್ನಿ" ಅನ್ನುವ ಉತ್ತರ ಬಂದರೆ ಆಶ್ಚರ್ಯ ಬೇಡ. ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪಿನ ಮೇಲೆ ಕಂಪನಿಗಳು ಹಿಡಿಯುವ ನಿಲುವೂ ಅದೇ.

ತದಡಿ ತೀರ
ಕೋರ್ಟ್ ಅಂದರೆ ಒಂದು ಸ್ಟಾರಿಗೆ ಇಷ್ಟೆಲ್ಲ ಬೇಕಾ ಅನ್ನಿಸುತ್ತದೆ.

ದಾಂಡೇಲಿ ಕಾಗದ
ಬೇಡ ಅನ್ನಿಸಿದರೂ ದಾಖಲೆ ಮಾತ್ರ ಕೋರ್ಟಿಗೆ ಹೋಗುವವರ ಹಾಗೆ ಇಡಿ. ಬರಹದ ಮಾನಹಾನಿಗೆ ಪರಿಹಾರದ ದಾವೆ ಹೂಡಲು ಪ್ರಕಟವಾದ ದಿನದಿಂದ ಒಂದೇ ವರ್ಷ. ಸ್ಕ್ರೀನ್‌ಶಾಟ್ ಬರೀ ಮುದ್ರಿಸಿ ಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ, ಒಂದು ಚುಕ್ಕಿ ತಿದ್ದಿದರೂ ಬದಲಾಗುತ್ತದೆ. ವಿಂಡೋಸಿನಲ್ಲಿ ಫೈಲ್ ಇರುವ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ:

```
certutil -hashfile review.png SHA256
```

ಬಂದ ಉದ್ದದ ಸಾಲನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಆ ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿ ವಾಪಸ್ ತಗೊಂಡರೆ ಅದು ಕುಗ್ಗಿ ಬೇರೆಯೇ ಫೈಲಾಗುತ್ತದೆ, ಹ್ಯಾಶ್ ಹೊಂದುವುದಿಲ್ಲ. ಮೂಲ ಪೆನ್‌ಡ್ರೈವಿನಲ್ಲಿ ಇರಲಿ.

ಶಿರಸಿ ಪೇಟೆ
"ದುಡ್ಡು ಹಾಕು, ಇಲ್ದಿದ್ರೆ ಇನ್ನೂ ಹತ್ತು ಒಂದು ಸ್ಟಾರು ಬೀಳ್ತು" ಅಂತ ಮೆಸೇಜ್ ಬಂದ್ರೂ ಇದೇ ದಾರಿಯಾ? ಪೇಟೆಲಿ ಒಬ್ರಿಗೆ ಹಾಗೆ ಬಂದಿದ್ದು ಅಂತ ಕೇಳಿದ್ದೆ.

ಹೊನ್ನಾವರ ಸೇತುವೆ
ಅದು ಸುಲಿಗೆ. ಅದಕ್ಕೆ ಗೂಗಲ್‌ನಲ್ಲಿ ಪ್ರತ್ಯೇಕ ಫಾರ್ಮೇ ಇದೆ. ದುಡ್ಡು ಹಾಕಬಾರದು, ಚೌಕಾಸಿಗೂ ಇಳಿಯಬಾರದು. ಮೆಸೇಜ್, ನಂಬರ್, ಕೇಳಿದ ಮೊತ್ತ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಕಾರವಾರ ಕಡಲು ಅವರು ಹೇಳಿದ ಪೊಲೀಸ್ ಸ್ಟೇಷನ್ ಬೇಕಾಗುವುದು ಅಲ್ಲಿ.

ಕಾರವಾರ ಕಡಲು
ಕೊನೆಗೂ ಎಲ್ಲೋ ಒಂದು ಕಡೆ ಸರಿ ಹೇಳಿದ ಹಾಗಾಯ್ತು.

ತದಡಿ ತೀರ
ನಾಲ್ಕು ದಿನ ಆಯಿತು, ಅಪೀಲಿನ ಉತ್ತರ ಬಂದಿಲ್ಲ. ನಮ್ಮ ಹೆಸರಿಗೆ ಹತ್ತಿರದ ಹೆಸರಿರುವ ಒಂದು ರೆಸಾರ್ಟು ಹೆದ್ದಾರಿ ಪಕ್ಕ ಇದೆ. ಎರಡು ಅಂತಸ್ತು, ಈಜುಕೊಳ ಇದೆ. ಅವರಿಗೆ ಫೋನ್ ಮಾಡಿ ಜುಲೈನಲ್ಲಿ 204ರಲ್ಲಿ ಯಾರಿದ್ದರು ಅಂತ ಕೇಳಲಾ?

ಹೊನ್ನಾವರ ಸೇತುವೆ
ಅತಿಥಿಯ ಹೆಸರು ಕೇಳಬೇಡಿ, ಅವರು ಕೊಡಲೂಬಾರದು. ಅವರಲ್ಲಿ 204 ಅಂತ ರೂಮು ಇದೆಯೋ ಅಂತ ಮಾತ್ರ ಕೇಳಿ.

ದಾಂಡೇಲಿ ಕಾಗದ
ನಾನಾಗಿದ್ದರೆ ಅದನ್ನೂ ಕೇಳುತ್ತಿರಲಿಲ್ಲ. ಅಪೀಲು ಹೋಗಿಯಾಗಿದೆ, ಅವರಿಂದ ಬರುವ ಉತ್ತರ ಈಗ ಎಲ್ಲಿ ಹಾಕುತ್ತೀರಿ? ಒಂದು ಸ್ಟಾರನ್ನು ಅವರ ಅಂಗಳಕ್ಕೆ ದೂಡಲು ಬಂದಿದ್ದೀರಿ ಅಂತ ಅವರು ಅಂದುಕೊಂಡರೆ?

ಹೊನ್ನಾವರ ಸೇತುವೆ
ಕಾನೂನಿನ ಫಾರ್ಮಿಗೆ ಹೋಗಬೇಕಾಗಿ ಬಂದರೆ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಲೆಕ್ಕ. ಅಕ್ಕ ತೀರ್ಮಾನ ಮಾಡಲಿ. ಅಲ್ಲಿವರೆಗೆ ಉತ್ತರವನ್ನು ಸ್ವಲ್ಪ ತಿದ್ದಿ. ತಿದ್ದಿದ ರಿವ್ಯೂ ಕೆಳಗೆ ಈಜುಕೊಳದ ಮಾತು ಈಗ ಎಲ್ಲಿಂದಲೋ ಬಿದ್ದ ಹಾಗೆ ಕಾಣುತ್ತಿದೆ. "ಈ ರಿವ್ಯೂದಲ್ಲಿ ಮೊದಲು ಈಜುಕೊಳ ಮತ್ತು 204ನೇ ರೂಮಿನ ದೂರು ಇತ್ತು. ನಮ್ಮಲ್ಲಿ ಎರಡೂ ಇಲ್ಲ. ಜೂನ್ 10ರಿಂದ ಆಗಸ್ಟ್ 31ರವರೆಗೆ ಮಳೆಗಾಲಕ್ಕೆ ಮುಚ್ಚಿರುತ್ತೇವೆ" ಅಂತ ಇದ್ದರೆ ಸಾಕು. ಸೆಪ್ಟೆಂಬರಿನಲ್ಲಿ ರೂಮು ಹುಡುಕುವವರು ಓದುವುದು ಅದನ್ನೇ.

ತದಡಿ ತೀರ
ತಿದ್ದಿದೆ. ಸ್ಥಿತಿ ಈಗ ನೋಡಿದರೆ `Escalated - check your email for updates` ಅಂತ ಇದೆ. ಇಮೇಲ್ ಬಂದಿಲ್ಲ.

ಅಪ್ಪೆಮಿಡಿ
ಸ್ಪ್ಯಾಮ್ ಫೋಲ್ಡರ್ ನೋಡಿ ಅಕ್ಕ. ನೀವು ಅವನನ್ನು ಅಲ್ಲಿಗೆ ಹಾಕಲು ಹೋದಿರಿ, ಗೂಗಲ್ ನಿಮ್ಮ ಪತ್ರವನ್ನೇ ಅಲ್ಲಿ ಹಾಕಿರಬಹುದು.